ಚು ಚೇ ಚೋ ಲಾ: ಮಗುವಿನ ಹೆಸರಿಗೆ ಮೊದಲಕ್ಷರ ಬರುವ ದಾರಿ

ಹೆರಿಗೆಯಾದ ಮನೆಯಲ್ಲಿ ಬಾಣಂತಿ ಚೇತರಿಸಿಕೊಳ್ಳುವ ಮೊದಲೇ ಒಂದು ಚೀಟಿ ಸಿದ್ಧವಾಗುತ್ತದೆ. ಅದರಲ್ಲಿ ಮೂರೇ ಸಂಗತಿ: ಮಗು ಹುಟ್ಟಿದ ದಿನ, ಹೊತ್ತು, ಊರು. ಹಿಂದೆ ಅಜ್ಜ ಅದನ್ನು ಹಿಡಿದು ಜೋಯಿಸರ ಮನೆಗೆ ಹೋಗುತ್ತಿದ್ದರು. ಈಗ ಮಗನೋ ಅಳಿಯನೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಬರುವ ಉತ್ತರ ಬಹಳ ಚಿಕ್ಕದು. "ಸ್ವಾತಿ ಮೂರನೇ ಪಾದ, ರೋ ಅಕ್ಷರ." ಅಲ್ಲಿಂದ ಮನೆಮಂದಿಯ ಹುಡುಕಾಟ ಶುರು. ರೋಹಿತ, ರೋಹನ, ರೋಹಿಣಿ, ರೋಚನಾ.

ಆ ಚೀಟಿಗೂ ಈ ಉತ್ತರಕ್ಕೂ ನಡುವೆ ಏನು ನಡೆಯುತ್ತದೆ? ಹುಟ್ಟಿದ ಹೊತ್ತು "ರೋ" ಆಗುವುದು ಹೇಗೆ? ಇಂದಿನ ಮಾತು ಅಷ್ಟಕ್ಕೇ ಸೀಮಿತ. ಆ ಅಕ್ಷರದಿಂದ ಒಳ್ಳೆಯದಾಗುತ್ತದೆಯೇ ಎಂಬ ವಾದಕ್ಕೆ ಈ ಹೊತ್ತು ಕೈ ಹಾಕುವುದಿಲ್ಲ. ಅಕ್ಷರ ಬರುವ ದಾರಿಯನ್ನು ಮಾತ್ರ ನೋಡೋಣ. ಆ ದಾರಿಯಲ್ಲಿ ಎರಡು ಹೆಜ್ಜೆಗಳಿವೆ. ಮೊದಲನೆಯದು ಆಕಾಶದ ಲೆಕ್ಕ. ಎರಡನೆಯದು ಅಕ್ಷರಗಳ ಪಟ್ಟಿ. ಇವೆರಡೂ ಬೇರೆ ಬೇರೆ ಜಾತಿಯ ಸಂಗತಿಗಳು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲು ಆಕಾಶ.

ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಮುಗಿಸಲು ಸುಮಾರು 27 ದಿನ ಮತ್ತು ಎಂಟು ಗಂಟೆ ತೆಗೆದುಕೊಳ್ಳುತ್ತಾನೆ. ನಮ್ಮ ಹಿಂದಿನವರು ಈ ದಾರಿಯನ್ನು 27 ಸಮಭಾಗ ಮಾಡಿದರು. ಅಶ್ವಿನಿ, ಭರಣಿ, ಕೃತ್ತಿಕೆಯಿಂದ ಹಿಡಿದು ರೇವತಿಯವರೆಗೆ. ದೊಡ್ಡ ರಸ್ತೆಯೊಂದರ ಮೇಲೆ ಸಾಲಾಗಿ 27 ಊರುಗಳಿವೆ, ಪ್ರತಿ ಊರಿನಲ್ಲೂ ನಾಲ್ಕು ಬೀದಿಗಳಿವೆ ಎಂದುಕೊಳ್ಳಿ. ಊರು ಎಂದರೆ ನಕ್ಷತ್ರ, ಬೀದಿ ಎಂದರೆ ಪಾದ. ಮಗು ಹುಟ್ಟಿದ ಗಳಿಗೆಯಲ್ಲಿ ಚಂದ್ರ ಯಾವ ಊರಿನ ಎಷ್ಟನೇ ಬೀದಿಯಲ್ಲಿದ್ದ ಎಂಬುದೇ ಜೋಯಿಸರು ಹುಡುಕುವ ವಿಷಯ. ಒಟ್ಟು ಬೀದಿಗಳು 108.

ಒಂದು ನಕ್ಷತ್ರವನ್ನು ದಾಟಲು ಚಂದ್ರನಿಗೆ ಸರಾಸರಿ ಒಂದು ದಿನ ಬೇಕು. ಹಾಗಾಗಿ ಒಂದು ಪಾದಕ್ಕೆ ಸರಾಸರಿ ಆರು ಗಂಟೆ. ಆದರೆ ಈ "ಸರಾಸರಿ" ಎಂಬ ಮಾತಿನಲ್ಲೇ ತೊಡಕಿದೆ. ಚಂದ್ರನ ದಾರಿ ಸರಿಯಾದ ವೃತ್ತವಲ್ಲ. ಭೂಮಿಗೆ ಹತ್ತಿರ ಬಂದಾಗ ಬೇಗ ಓಡುತ್ತಾನೆ. ದೂರ ಹೋದಾಗ ನಿಧಾನವಾಗುತ್ತಾನೆ. ಒಂದೊಂದು ಬಾರಿ 21 ಗಂಟೆಗೇ ನಕ್ಷತ್ರ ಮುಗಿಯುತ್ತದೆ. ಒಂದೊಂದು ಬಾರಿ 27 ಗಂಟೆವರೆಗೂ ಎಳೆಯುತ್ತದೆ. ಅದಕ್ಕೇ ಪಂಚಾಂಗದಲ್ಲಿ ಪ್ರತಿದಿನವೂ ಆ ದಿನದ ನಕ್ಷತ್ರ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಬರೆದಿರುತ್ತಾರೆ. ಹಳೆಯ ಕ್ರಮದಲ್ಲಿ ಘಳಿಗೆ, ವಿಘಳಿಗೆಗಳಲ್ಲಿ. ಒಂದು ಘಳಿಗೆ ಎಂದರೆ 24 ನಿಮಿಷ. ಹೊಸ ಪಂಚಾಂಗಗಳಲ್ಲಿ ಗಂಟೆ, ನಿಮಿಷಗಳಲ್ಲೂ ಕೊಡುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ನಕ್ಷತ್ರಗಳು 27, ಪ್ರತಿಯೊಂದಕ್ಕೂ ನಾಲ್ಕು ಪಾದ, ಚಂದ್ರನ ವೇಗ ಮಾತ್ರ ಒಂದೇ ಸಮ ಇರುವುದಿಲ್ಲ. ಈಗ ಲೆಕ್ಕವನ್ನೇ ಮಾಡಿ ನೋಡೋಣ.

ಒಂದು ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದರು ಎಂದಿಟ್ಟುಕೊಳ್ಳಿ. ಊರು ಮೈಸೂರು. ದಿನ ಬುಧವಾರ. ಮೊದಲ ಮಗು ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ, ಎರಡನೆಯದು 10 ಗಂಟೆ 40 ನಿಮಿಷಕ್ಕೆ. ಜೋಯಿಸರು ಪಂಚಾಂಗ ತೆರೆಯುತ್ತಾರೆ. ಮಂಗಳವಾರದ ಪುಟದಲ್ಲಿ ಚಿತ್ತಾ ನಕ್ಷತ್ರ ಸಂಜೆ ಆರಕ್ಕೆ ಮುಗಿದಿದೆ. ಅಂದರೆ ಆರಕ್ಕೆ ಸ್ವಾತಿ ಶುರು. ಬುಧವಾರದ ಪುಟದಲ್ಲಿ ಸ್ವಾತಿ ಮಧ್ಯಾಹ್ನ ನಾಲ್ಕಕ್ಕೆ ಮುಗಿಯುತ್ತದೆ. ಒಟ್ಟು 22 ಗಂಟೆ. ಚಂದ್ರ ಆ ದಿನ ಸ್ವಲ್ಪ ಬಿರುಸಾಗಿ ನಡೆದಿದ್ದಾನೆ.

ಈ 22 ಗಂಟೆಗೆ ಜೋಯಿಸರ ಭಾಷೆಯಲ್ಲಿ ನಕ್ಷತ್ರದ ಆದ್ಯಂತ ಅಥವಾ ಪರಮಘಟಿ ಎನ್ನುತ್ತಾರೆ. ಹುಟ್ಟುವ ಹೊತ್ತಿಗೆ ಕಳೆದದ್ದು ಗತ. ಇನ್ನೂ ಉಳಿದದ್ದು ಏಷ್ಯ. ಜಾತಕದ ಮೊದಲ ಪುಟದಲ್ಲಿ ಈ ಮೂರು ಸಂಖ್ಯೆಗಳೂ ಇರುತ್ತವೆ. ಹಳೆಯ ಜಾತಕ ಮನೆಯಲ್ಲಿದ್ದರೆ ತೆಗೆದು ನೋಡಬಹುದು.

ಈಗ 22ನ್ನು ನಾಲ್ಕರಿಂದ ಭಾಗಿಸಬೇಕು. ಪಾದಕ್ಕೆ ಐದೂವರೆ ಗಂಟೆ. ಮೊದಲ ಪಾದ ಮಂಗಳವಾರ ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆವರೆಗೆ. ಎರಡನೆಯದು ಬೆಳಗಿನ ಜಾವ ಐದರವರೆಗೆ. ಮೂರನೆಯದು ಬುಧವಾರ ಹತ್ತೂವರೆವರೆಗೆ. ನಾಲ್ಕನೆಯದು ಮಧ್ಯಾಹ್ನ ನಾಲ್ಕರವರೆಗೆ. ಸ್ವಾತಿಯ ನಾಲ್ಕು ಅಕ್ಷರಗಳು ರು, ರೇ, ರೋ, ತ. ಹತ್ತೂವರೆ ಎಂಬ ಗಡಿ ಸರಿಯಾಗಿ ಎರಡು ಹೆರಿಗೆಗಳ ನಡುವೆ ಬಿದ್ದಿದೆ. ಹಾಗಾಗಿ ಮೊದಲ ಮಗುವಿಗೆ ಮೂರನೇ ಪಾದದ "ರೋ" ಬಂತು. ಇಪ್ಪತ್ತು ನಿಮಿಷ ತಡವಾಗಿ ಬಂದ ತಂಗಿಗೆ ನಾಲ್ಕನೇ ಪಾದದ "ತ" ಬಂತು. ಅಣ್ಣ ರೋಹಿತನಾದರೆ ತಂಗಿ ತನುಜಾ ಆಗಬಹುದು, ತಾರಾ ಆಗಬಹುದು.

ಇಲ್ಲೇ ಒಂದು ತಪ್ಪು ಸಾಮಾನ್ಯವಾಗಿ ನುಸುಳುತ್ತದೆ. ಪಾದ ಎಂದರೆ ಆರು ಗಂಟೆ ಎಂದು ಕಣ್ಣುಮುಚ್ಚಿ ಹಿಡಿಯುವವರಿದ್ದಾರೆ. ಹಾಗೆ ಹಿಡಿದರೆ ಮೂರನೇ ಪಾದ ಬುಧವಾರ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಎಂದಾಗುತ್ತದೆ. ಎರಡೂ ಮಕ್ಕಳಿಗೆ "ರೋ" ಬಂದುಬಿಡುತ್ತದೆ. ಇನ್ನೊಂದು ವಿಚಿತ್ರವೂ ಆಗುತ್ತದೆ. ನಾಲ್ಕನೇ ಪಾದ ಸಂಜೆ ಆರರವರೆಗೆ ಹೋಗುತ್ತದೆ. ಆದರೆ ಸ್ವಾತಿ ನಾಲ್ಕಕ್ಕೇ ಮುಗಿದಿದೆ. ಲೆಕ್ಕ ತಪ್ಪಿದೆ ಎಂದು ತಿಳಿಯುವುದು ಹೀಗೆ: ನಾಲ್ಕು ಪಾದ ಸೇರಿಸಿದರೆ ಪಂಚಾಂಗದಲ್ಲಿ ಕೊಟ್ಟ ಅಂತ್ಯದ ಹೊತ್ತೇ ಬರಬೇಕು. ಬರದಿದ್ದರೆ ಎಲ್ಲೋ ಎಡವಿದ್ದೇವೆ ಎಂದರ್ಥ.

ಒಟ್ಟಿನಲ್ಲಿ, ನಕ್ಷತ್ರದ ಆರಂಭ ಗೊತ್ತಿರಬೇಕು, ಅಂತ್ಯ ಗೊತ್ತಿರಬೇಕು, ನಡುವಿನ ಹೊತ್ತನ್ನು ನಾಲ್ಕು ಮಾಡಬೇಕು. ಈ ಲೆಕ್ಕಕ್ಕೆ ಮಗು ಹುಟ್ಟಿದ ಊರು ಯಾಕೆ ಬೇಕು?

ಚಂದ್ರ ಸ್ವಾತಿಯನ್ನು ಹೊಕ್ಕ ಕ್ಷಣ ಲೋಕಕ್ಕೆಲ್ಲ ಒಂದೇ. ಆದರೆ ಆ ಕ್ಷಣದಲ್ಲಿ ಗೋಡೆ ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸುತ್ತವೆ. ಮೈಸೂರಿನ ಹುಡುಗಿಯೊಬ್ಬಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಚಳಿಗಾಲ. ಅವಳಿಗೆ ಮಂಗಳವಾರ ರಾತ್ರಿ 8 ಗಂಟೆ 50 ನಿಮಿಷಕ್ಕೆ ಹೆರಿಗೆಯಾಯಿತು. ಇಲ್ಲಿ ಅಜ್ಜಿ ಗೋಡೆಯ ಮೇಲಿನ ಪಂಚಾಂಗ ನೋಡಿ, ಮಂಗಳವಾರ ರಾತ್ರಿ ಒಂಬತ್ತರ ಹತ್ತಿರ, ಸ್ವಾತಿ ಒಂದನೇ ಪಾದ, "ರು" ಎಂದುಬಿಡುತ್ತಾರೆ. ಅದು ಸರಿಯಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಕ್ಯಾಲಿಫೋರ್ನಿಯಾಗಿಂತ ಹದಿಮೂರೂವರೆ ಗಂಟೆ ಮುಂದಿದೆ. ಮಗು ಹುಟ್ಟಿದಾಗ ಇಲ್ಲಿ ಬುಧವಾರ ಬೆಳಿಗ್ಗೆ 10 ಗಂಟೆ 20 ನಿಮಿಷ. ನಮ್ಮ ಅವಳಿಗಳಲ್ಲಿ ಮೊದಲನೆಯದು ಹುಟ್ಟಿದ ಹೊತ್ತೇ. ಅಕ್ಷರವೂ ಅದೇ, "ರೋ". ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಗ ಅಂತರ ಹನ್ನೆರಡೂವರೆ ಗಂಟೆ. ಇದನ್ನು ಮರೆತರೂ ಗಡಿಯ ಹತ್ತಿರ ಅಕ್ಷರ ಬದಲಾಗುತ್ತದೆ.

ಆಕಾಶದ ಲೆಕ್ಕ ಇಲ್ಲಿಗೆ ಮುಗಿಯಿತು. ಹುಟ್ಟಿದ ಹೊತ್ತಿನಿಂದ ನಕ್ಷತ್ರ, ನಕ್ಷತ್ರದಿಂದ ಪಾದ. ಇಷ್ಟು ಬಂದಮೇಲೆ ಎರಡನೇ ಹೆಜ್ಜೆ. ಸ್ವಾತಿಗೆ ರು, ರೇ, ರೋ, ತ ಎಂದು ಹೇಳಿದವರು ಯಾರು? ಆ ಅಕ್ಷರಗಳು ಎಲ್ಲಿಂದ ಬಂದವು?

ಪಂಚಾಂಗದ ಹಿಂದಿನ ಪುಟಗಳಲ್ಲಿ ಈ ಪಟ್ಟಿ ಇರುತ್ತದೆ. ಅದು ಅಶ್ವಿನಿಯಿಂದ ಶುರುವಾಗುತ್ತದೆ. ಅಶ್ವಿನಿಗೆ ಚು, ಚೇ, ಚೋ, ಲ. ಭರಣಿಗೆ ಲಿ, ಲು, ಲೇ, ಲೋ. ಕೇಳಿದವರಿಗೆ ಇದು ಮಂತ್ರದ ಹಾಗೆ ಕೇಳಿಸುತ್ತದೆ. ಮೊದಲ ನಕ್ಷತ್ರಕ್ಕೆ ಮೊದಲ ಅಕ್ಷರ "ಅ" ಬರಬೇಕಿತ್ತಲ್ಲ, "ಚು" ಯಾಕೆ ಬಂತು ಎಂದು ಅನಿಸುವುದು ಸಹಜ. ಗುಟ್ಟು ಇಷ್ಟೇ. ಈ ಪಟ್ಟಿ ಹುಟ್ಟಿದ್ದು ಅಶ್ವಿನಿಯಿಂದಲ್ಲ, ಕೃತ್ತಿಕೆಯಿಂದ. ವೇದಕಾಲದ ನಕ್ಷತ್ರಪಟ್ಟಿಗಳು ಕೃತ್ತಿಕೆಯಿಂದಲೇ ಶುರುವಾಗುತ್ತವೆ. ಅಶ್ವಿನಿ ಮೊದಲಾದದ್ದು ಆಮೇಲೆ. ನಕ್ಷತ್ರಗಳ ಕ್ರಮ ಬದಲಾಯಿತು. ಅಕ್ಷರಗಳ ಕ್ರಮ ಹಳೆಯದೇ ಉಳಿಯಿತು.

ಹಾಗಾದರೆ ಕೃತ್ತಿಕೆಯಿಂದಲೇ ಓದೋಣ. ಕೈಯಲ್ಲಿ ಕಾಗದ, ಪೆನ್ನು ಇದ್ದರೆ ಬರೆದುಕೊಳ್ಳಿ. ಮೊದಲ ಸಾಲಿನಲ್ಲಿ ಐದು ಅಕ್ಷರ: ಅ, ವ, ಕ, ಹ, ಡ. ಇದರಿಂದಲೇ ಪಟ್ಟಿಗೆ ಅವಕಹಡಾ ಚಕ್ರ ಎಂಬ ಹೆಸರು ಬಂದಿದೆ. ಎರಡನೇ ಸಾಲು: ಮ, ಟ, ಪ, ರ, ತ. ಮೂರನೇ ಸಾಲು: ನ, ಯ, ಭ, ಜ, ಖ. ನಾಲ್ಕನೆಯದು: ಗ, ಸ, ದ, ಚ, ಲ. ಒಟ್ಟು ಇಪ್ಪತ್ತು. ಈಗ ಪ್ರತಿಯೊಂದಕ್ಕೂ ಐದು ಸ್ವರ ಹಚ್ಚಿ. ಅ, ಇ, ಉ, ಏ, ಓ. ಮೊದಲ ಅಕ್ಷರ "ಅ"ಕ್ಕೆ ಹಚ್ಚಿದರೆ ಅ, ಇ, ಉ, ಏ, ಓ ಎಂದೇ ಬರುತ್ತದೆ. "ವ"ಕ್ಕೆ ಹಚ್ಚಿದರೆ ವ, ವಿ, ವು, ವೇ, ವೋ. ಹೀಗೆ ನಾಲ್ಕು ನಾಲ್ಕರಂತೆ ಹಂಚುತ್ತಾ ಹೋಗಿ. ಕೃತ್ತಿಕೆಗೆ ಅ, ಇ, ಉ, ಏ. ರೋಹಿಣಿಗೆ ಓ, ವ, ವಿ, ವು. ಮೃಗಶಿರೆಗೆ ವೇ, ವೋ, ಕ, ಕಿ. ಮಂತ್ರದಂತೆ ಕೇಳಿಸಿದ್ದು ಈಗ ಕಾಗುಣಿತದಂತೆ ಕೇಳಿಸುತ್ತದೆ.

ನಾಲ್ಕನೆಯ ನಕ್ಷತ್ರ ಆರಿದ್ರೆಯಲ್ಲಿ ಒಂದು ತಿರುವು. ಅಲ್ಲಿ "ಕು" ಆದಮೇಲೆ "ಕೇ" ಬರುವುದಿಲ್ಲ. ಘ, ಙ, ಛ ಎಂಬ ಮೂರು ಅಕ್ಷರಗಳು ನಡುವೆ ನುಗ್ಗುತ್ತವೆ. ಕೇ, ಕೋ ಪುನರ್ವಸುವಿಗೆ ಹೋಗುತ್ತವೆ. ಎರಡನೇ ಸಾಲಿನಲ್ಲೂ ಹೀಗೆಯೇ. ಮಖೆಯಿಂದ ನಾಲ್ಕನೆಯದಾದ ಹಸ್ತದಲ್ಲಿ "ಪು" ಆದಮೇಲೆ ಷ, ಣ, ಠ. ಮೂರನೇ ಸಾಲಿನ ಪೂರ್ವಾಷಾಢದಲ್ಲಿ "ಭು" ಆದಮೇಲೆ ಧ, ಫ, ಢ. ನಾಲ್ಕನೇ ಸಾಲಿನ ಉತ್ತರಾಭಾದ್ರದಲ್ಲಿ "ದು" ಆದಮೇಲೆ ಥ, ಝ, ಞ. ಪ್ರತಿ ಸಾಲಿನ ನಟ್ಟನಡುವಿನ ನಕ್ಷತ್ರದಲ್ಲೇ, ಪ್ರತಿ ಸಲವೂ "ಉ"ಕಾರದ ಬೆನ್ನಿಗೇ, ಮೂರು ಮೂರು ಅಕ್ಷರ. ಮುಖ್ಯ ಸಾಲುಗಳಲ್ಲಿ ಜಾಗ ಸಿಗದ ಅಕ್ಷರಗಳನ್ನು ಇಲ್ಲಿ ಕೂರಿಸಿದ್ದಾರೆ.

ಲೆಕ್ಕ ಹಾಕಿ. ಇಪ್ಪತ್ತಕ್ಕೆ ಐದು ಸ್ವರ ಎಂದರೆ 100. ನಡುವೆ ಸೇರಿದ್ದು 12. ಒಟ್ಟು 112. ಆದರೆ ಪಾದಗಳು 108 ಎಂದು ಆಗಲೇ ಹೇಳಿದ್ದೇವೆ. ನಾಲ್ಕು ಹೆಚ್ಚಾಯಿತಲ್ಲ? ಆ ನಾಲ್ಕು ಅಭಿಜಿತ್ ನಕ್ಷತ್ರದವು. ಉತ್ತರಾಷಾಢ ಮತ್ತು ಶ್ರವಣದ ನಡುವೆ ಅಭಿಜಿತ್ ಎಂಬ 28ನೆಯ ನಕ್ಷತ್ರವನ್ನು ಎಣಿಸುವ ಪದ್ಧತಿಯೊಂದಿತ್ತು. ಅಕ್ಷರಪಟ್ಟಿ ಆ 28ಕ್ಕೆ ಅಳತೆ ಹಾಕಿ ಹೊಲಿದದ್ದು. ಅಭಿಜಿತ್ತಿನ ಪಾಲು ಜು, ಜೇ, ಜೋ, ಖ. ಶ್ರವಣದ ಪಾಲು ಖಿ, ಖು, ಖೇ, ಖೋ. ಅಭಿಜಿತ್ ಬಿಟ್ಟುಹೋದಮೇಲೆ ಕೆಲವರು ಶ್ರವಣಕ್ಕೆ ಜು, ಜೇ, ಜೋ, ಖ ಎಂದೇ ಕೊಟ್ಟರು. ಕೆಲವರು ಖಿ, ಖು, ಖೇ, ಖೋ ಉಳಿಸಿಕೊಂಡರು. ಶ್ರವಣದಲ್ಲಿ ಹುಟ್ಟಿದ ಮಗುವಿಗೆ ಒಬ್ಬ ಜೋಯಿಸರು ಜ್ಯೋತಿ ಎಂದಿಡಿ ಎನ್ನುತ್ತಾರೆ, ಇನ್ನೊಬ್ಬರು ಖುಷಿ ಎಂದಿಡಿ ಎನ್ನುತ್ತಾರೆ. ಇಬ್ಬರೂ ಪಟ್ಟಿಯನ್ನು ಬಿಟ್ಟು ಮಾತಾಡುತ್ತಿಲ್ಲ. ಅವರ ಕೈಯಲ್ಲಿರುವ ಪಟ್ಟಿಗಳೇ ಬೇರೆ.

ಅಶ್ವಿನಿಯ "ಚು"ವಿಗೂ ಈಗ ಉತ್ತರ ಸಿಕ್ಕಿತು. ನಾಲ್ಕನೇ ಸಾಲಿನ ಚ, ಚಿ ರೇವತಿಯ ಕೊನೆಯ ಎರಡು ಪಾದಗಳಿಗೆ ಹೋದವು. ಮಿಕ್ಕ ಚು, ಚೇ, ಚೋ ಅಶ್ವಿನಿಗೆ ಬಂದವು. ಅಷ್ಟೇ.

ಇದುವರೆಗಿನದನ್ನು ಕೂಡಿಸಿ ನೋಡಿದರೆ, ಪಾದ ಬರುವುದು ಚಂದ್ರನ ನಡೆಯಿಂದ. ಅಕ್ಷರ ಬರುವುದು ಕೃತ್ತಿಕೆಯಿಂದ ಕ್ರಮವಾಗಿ ಹಂಚಿದ ವರ್ಣಮಾಲೆಯಿಂದ. ಆದರೆ ಪಟ್ಟಿಯಲ್ಲಿರುವ ಅಕ್ಷರ ಹೆಸರಾಗುವಾಗ ಕೆಲವು ಪ್ರಶ್ನೆಗಳು ಏಳುತ್ತವೆ. ಈಗ ಅವುಗಳ ಕಡೆಗೆ.

ಮೊದಲ ಪ್ರಶ್ನೆ, "ನ" ಬಂದರೆ "ನಾ" ಇಡಬಹುದೇ? ಇಡಬಹುದು. ಪಟ್ಟಿ ಹ್ರಸ್ವ, ದೀರ್ಘ ಎಂದು ಭೇದ ಮಾಡುವುದಿಲ್ಲ. ಅನೂರಾಧಾ ಒಂದನೇ ಪಾದಕ್ಕೆ ನಳಿನಿಯೂ ಸರಿ, ನಾಗರಾಜನೂ ಸರಿ. "ಐ"ಯನ್ನು "ಏ" ಜೊತೆಗೆ, "ಔ"ವನ್ನು "ಓ" ಜೊತೆಗೆ ಎಣಿಸುತ್ತಾರೆ.

ಎರಡನೆಯದು, ಪಟ್ಟಿಯಲ್ಲಿ ಬ ಇಲ್ಲ, ಶ ಇಲ್ಲ. ಹಾಗಾದರೆ ಬಸವರಾಜ, ಶಿವಕುಮಾರ ಎಂಬ ಹೆಸರುಗಳಿಗೆ ನಕ್ಷತ್ರವೇ ಇಲ್ಲವೇ? ಇದೆ. ಬಕಾರವನ್ನು ವಕಾರ ಎಂದೂ ಶಕಾರವನ್ನು ಸಕಾರ ಎಂದೂ ಎಣಿಸುವುದು ರೂಢಿ. ಬಸವರಾಜ ರೋಹಿಣಿ ಎರಡನೇ ಪಾದಕ್ಕೆ ಸಲ್ಲುತ್ತಾನೆ. ಶಿವಕುಮಾರ ಶತಭಿಷ ಮೂರನೆಯದಕ್ಕೆ. ಒತ್ತಕ್ಷರ ಬಂದರೆ ಅದರ ಮೊದಲ ವ್ಯಂಜನವನ್ನು ಹಿಡಿದು, ಸ್ವರವನ್ನು ಕೂಡಿಸಿಕೊಳ್ಳುತ್ತಾರೆ. ಪ್ರಕಾಶ ಎಂದರೆ "ಪ". ಶ್ರೀಧರ ಎಂದರೆ "ಶಿ", ಅಂದರೆ "ಸಿ".

ಮೂರನೆಯದೇ ನಿಜವಾದ ಪೇಚು. ಆರಿದ್ರೆ ಮೂರನೇ ಪಾದದ ಮಗುವಿಗೆ "ಙ" ಬಂದರೆ? ಹಸ್ತ ಮೂರಕ್ಕೆ "ಣ"? ಉತ್ತರಾಭಾದ್ರ ನಾಲ್ಕಕ್ಕೆ "ಞ"? ಈ ಅಕ್ಷರಗಳಿಂದ ಶುರುವಾಗುವ ಹೆಸರೇ ಇಲ್ಲ. ಇದು ಹಿಂದಿನವರಿಗೂ ಗೊತ್ತಿತ್ತು. ಅವರೇ ಬದಲಿ ಸೂಚಿಸಿದ್ದಾರೆ. ಙಕ್ಕೆ ಗ, ಞಕ್ಕೆ ಜ, ಣಕ್ಕೆ ಡ. ಹಾಗೆ ಹಿಡಿದರೆ ಆರಿದ್ರೆ ಮೂರರ ಹುಡುಗಿ ಗಂಗಾ ಆಗಬಹುದು. ಇನ್ನು ಕೆಲವು ಪುರೋಹಿತರು ಅದೇ ನಕ್ಷತ್ರದ ಬೇರೆ ಪಾದದ ಅಕ್ಷರಕ್ಕೆ ಜಾರುತ್ತಾರೆ. ಆರಿದ್ರೆಯಲ್ಲೇ "ಕು" ಇದೆ. ಕುಮಾರ, ಕುಸುಮಾ ಎಂದಿಡಬಹುದು. "ಘ"ಕ್ಕೆ ಘನಶ್ಯಾಮ, "ಛ"ಕ್ಕೆ ಛಾಯಾ ಸಿಗುತ್ತಾರೆ. "ಠ", "ಢ" ಬಂದ ಮನೆಯವರು ಮಾತ್ರ ಸಾಮಾನ್ಯವಾಗಿ ಪಕ್ಕದ ಪಾದಕ್ಕೇ ಹೋಗುತ್ತಾರೆ.

ಪಟ್ಟಿಯ ಜೊತೆ ಒಂದು ಸಣ್ಣ ಆಟ ಆಡಿ ನೋಡಿ. ರೇವತಿ ಎಂಬ ಹೆಸರಿನ ಮೊದಲಕ್ಷರ "ರೇ". ಅದು ಸ್ವಾತಿಯ ಎರಡನೇ ಪಾದ. ರೋಹಿಣಿಯ "ರೋ" ಕೂಡ ಸ್ವಾತಿಯದೇ. ಅಶ್ವಿನಿಯ "ಅ" ಕೃತ್ತಿಕೆಯದು. ಸ್ವಾತಿಯ "ಸಾ" ಶತಭಿಷದ್ದು. ಅಂದರೆ ಈ ನಕ್ಷತ್ರಗಳ ಹೆಸರುಗಳು ಅವುಗಳದೇ ಪಾಲಿನ ಅಕ್ಷರಗಳಿಂದ ಶುರುವಾಗುವುದಿಲ್ಲ. ರೇವತಿಯಲ್ಲಿ ಹುಟ್ಟಿದ ಮಗಳಿಗೆ ರೇವತಿ ಎಂದಿಟ್ಟರೆ ನಕ್ಷತ್ರದ ಹೆಸರು ಇಟ್ಟಂತಾಯಿತು. ಆದರೆ ನಕ್ಷತ್ರದ ಅಕ್ಷರ ಇಟ್ಟಂತಾಗಲಿಲ್ಲ.

ಇದು ಎರಡು ಬೇರೆ ಕಾಲದ ಪದ್ಧತಿಗಳ ಗುರುತು. ಹಳೆಯದು ನಕ್ಷತ್ರದಿಂದ ನೇರವಾಗಿ ಹೆಸರು ಮಾಡುವ ಪದ್ಧತಿ. ಪಾಣಿನಿಯ ವ್ಯಾಕರಣದಲ್ಲಿ ಇಂತಿಂಥ ನಕ್ಷತ್ರದಲ್ಲಿ ಹುಟ್ಟಿದವನಿಗೆ ಆ ನಕ್ಷತ್ರದಿಂದ ಹೆಸರು ಹೇಗೆ ಬರುತ್ತದೆ ಎಂಬ ಸೂತ್ರಗಳೇ ಇವೆ. ಮಹಾಭಾರತದ ವಿರಾಟಪರ್ವದಲ್ಲಿ ಅರ್ಜುನ ಉತ್ತರಕುಮಾರನಿಗೆ ತನ್ನ ಹತ್ತು ಹೆಸರುಗಳನ್ನು ಬಿಡಿಸಿ ಹೇಳುತ್ತಾನಲ್ಲ. ಅಲ್ಲಿ ಫಲ್ಗುಣ ಎಂಬ ಹೆಸರು ಬಂದದ್ದು ತಾನು ಉತ್ತರಾ ಫಲ್ಗುಣಿಯಲ್ಲಿ ಹುಟ್ಟಿದ್ದರಿಂದ ಎನ್ನುತ್ತಾನೆ. ಆಶ್ವಲಾಯನ ಗೃಹ್ಯಸೂತ್ರ ಹೆಸರಿಡುವ ವಿಧಿ ಹೇಳುವಾಗ ಅಕ್ಷರಗಳ ಬಗ್ಗೆ ನಿಯಮ ಕೊಡುತ್ತದೆ. ಗಂಡು ಮಗುವಿನ ಹೆಸರು ಘೋಷಾಕ್ಷರದಿಂದ ಶುರುವಾಗಬೇಕು, ಎರಡು ಅಥವಾ ನಾಲ್ಕು ಅಕ್ಷರ ಇರಬೇಕು, ಹೆಣ್ಣು ಮಗುವಿನದು ಬೆಸ ಸಂಖ್ಯೆಯಲ್ಲಿರಬೇಕು. ಅಲ್ಲಿ ಪಾದದ ಅಕ್ಷರದ ಮಾತಿಲ್ಲ.

ಅವಕಹಡಾ ಪಟ್ಟಿ ಬಲವಾಗಿ ಬಳಕೆಯಾಗುವುದು ಬೇರೊಂದು ಕೆಲಸದಲ್ಲಿ. 12ನೇ ಶತಮಾನದಲ್ಲಿ ನರಪತಿ ಎಂಬಾತ ನರಪತಿಜಯಚರ್ಯಾ ಎಂಬ ಗ್ರಂಥ ಬರೆದ. ಅದು ರಾಜರ ಗೆಲುವು, ಸೋಲು ಹೇಳುವ ಶಾಸ್ತ್ರ. ಎದುರಾಳಿಯ ಜಾತಕ ಯಾರ ಕೈಗೂ ಸಿಗುವುದಿಲ್ಲ. ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಹೆಸರಿನ ಮೊದಲಕ್ಷರ ಹಿಡಿದು ನಕ್ಷತ್ರ ತಿಳಿದುಕೊಳ್ಳುವುದು ಅಲ್ಲಿನ ದಾರಿ. ಅಂದರೆ ಅಕ್ಷರದಿಂದ ನಕ್ಷತ್ರಕ್ಕೆ ಹೋಗುವ ಉಲ್ಟಾ ಪ್ರಯಾಣ. ಇದು ಇಂದಿಗೂ ನಮ್ಮೂರುಗಳಲ್ಲಿ ಜೀವಂತವಾಗಿದೆ. ಹುಟ್ಟಿದ ಹೊತ್ತು ಗೊತ್ತಿಲ್ಲದ ಮಂಜುನಾಥನ ಮದುವೆಗೆ ಕೂಟ ನೋಡಬೇಕಾದರೆ ಜೋಯಿಸರು "ನಾಮನಕ್ಷತ್ರ ಹಿಡಿಯೋಣ" ಎನ್ನುತ್ತಾರೆ. "ಮ" ಎಂದರೆ ಮಖೆ ಒಂದನೇ ಪಾದ. ಅವನು ಆ ಪಾದದಲ್ಲೇ ಹುಟ್ಟಿದ ಎಂದೇನೂ ಅಲ್ಲ. ಅಜ್ಜಿ ಧರ್ಮಸ್ಥಳದ ಹರಕೆಗೆ ಆ ಹೆಸರಿಟ್ಟಿರಬಹುದು. ಆದರೂ ಲೆಕ್ಕಕ್ಕೆ ಅವನು ಮಖೆಯವನೇ.

ಈಗ ಕೊನೆಯ ವಿಷಯ. ಅದಕ್ಕೆ ಮೊದಲು ನಿಂತ ಜಾಗ ನೋಡಿಕೊಳ್ಳೋಣ. ಪಾದದ ಲೆಕ್ಕ ನೋಡಿದೆವು, ಪಟ್ಟಿಯ ಕಟ್ಟಡ ನೋಡಿದೆವು, ಬದಲಿ ಅಕ್ಷರಗಳನ್ನು ನೋಡಿದೆವು. ಲೆಕ್ಕವೂ ಸರಿ, ಪಟ್ಟಿಯೂ ಒಂದೇ. ಆದರೂ ಇಬ್ಬರು ಜೋಯಿಸರು ಒಂದೇ ಮಗುವಿಗೆ ಎರಡು ಅಕ್ಷರ ಹೇಳುವುದುಂಟು. ಯಾಕೆ?

ಒಂದು ಕಾರಣ, ಪಂಚಾಂಗಗಳಲ್ಲೇ ಎರಡು ಬಗೆ. ಪರಂಪರೆಯ ಸೂತ್ರಗಳಿಂದ ಚಂದ್ರನ ಸ್ಥಾನ ಲೆಕ್ಕ ಹಾಕುವವು ಕೆಲವು. ಈಗಿನ ಖಗೋಳ ಗಣಿತದಿಂದ ಹಾಕುವವು ಕೆಲವು. ಎರಡನೆಯದಕ್ಕೆ ದೃಗ್ಗಣಿತ ಎನ್ನುತ್ತಾರೆ. ಹಳೆಯ ಸೂತ್ರಗಳು ಚಂದ್ರನ ವೇಗದ ದೊಡ್ಡ ಏರಿಳಿತವನ್ನು ಹಿಡಿಯುತ್ತವೆ. ಸಣ್ಣ ಸಣ್ಣವನ್ನು ಬಿಡುತ್ತವೆ. ಹಾಗಾಗಿ ಇವೆರಡರ ನಡುವೆ ನಕ್ಷತ್ರ ಮುಗಿಯುವ ಹೊತ್ತಿನಲ್ಲಿ ಕೆಲವೊಮ್ಮೆ ಗಂಟೆಗಳ ವ್ಯತ್ಯಾಸ ಬರುತ್ತದೆ.

ಇನ್ನೊಂದು ಕಾರಣ ಅಯನಾಂಶ. ನಕ್ಷತ್ರಗಳ ದಾರಿ ವೃತ್ತದಂತಿದೆ. ವೃತ್ತಕ್ಕೆ ಮೊದಲು, ಕೊನೆ ಇಲ್ಲ. ಅಶ್ವಿನಿ ಇಲ್ಲಿಂದ ಶುರು ಎಂದು ಯಾರಾದರೂ ಗೆರೆ ಎಳೆಯಬೇಕು. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ಬಂದ ಗೆರೆಗೆ ಲಾಹಿರಿ ಅಥವಾ ಚಿತ್ರಾಪಕ್ಷ ಅಯನಾಂಶ ಎನ್ನುತ್ತಾರೆ. ಬೆಂಗಳೂರಿನ ಹೆಸರಾಂತ ಜ್ಯೋತಿಷಿ ಬಿ.ವಿ. ರಾಮನ್ ಬೇರೆ ಗೆರೆಯನ್ನು ಹಿಡಿದರು. ಎರಡರ ನಡುವಿನ ಅಂತರ ಸುಮಾರು ಒಂದೂವರೆ ಡಿಗ್ರಿ. ಕೇಳಲು ಸಣ್ಣದು. ಆದರೆ ಚಂದ್ರ ಅಷ್ಟು ದೂರ ಹೋಗಲು ಸುಮಾರು ಎರಡೂವರೆ ಗಂಟೆ ಬೇಕು. ಒಂದು ಪಾದದ ಉದ್ದವೇ ಮೂರು ಡಿಗ್ರಿ ಚಿಲ್ಲರೆ. ಹಾಗಾಗಿ ನೂರು ಮಕ್ಕಳ ಪಾದವನ್ನು ಎರಡೂ ಗೆರೆಗಳಿಂದ ಲೆಕ್ಕ ಹಾಕಿದರೆ ನಲವತ್ತಕ್ಕೂ ಹೆಚ್ಚು ಮಕ್ಕಳಿಗೆ ಪಾದ ಬದಲಾಗುತ್ತದೆ.

ನಮ್ಮ ಅವಳಿಗಳಲ್ಲಿ ಮೊದಲನೆಯದನ್ನೇ ನೋಡಿ. ರಾಮನ್ ಗೆರೆ ಹಿಡಿದರೆ ಸ್ವಾತಿ ಎರಡೂವರೆ ಗಂಟೆ ಮೊದಲೇ ಶುರುವಾಗುತ್ತದೆ. ಮಂಗಳವಾರ ಮಧ್ಯಾಹ್ನ ಮೂರೂವರೆಗೆ. ಪಾದಗಳೆಲ್ಲ ಅಷ್ಟೇ ಹಿಂದಕ್ಕೆ ಸರಿಯುತ್ತವೆ. ಮೂರನೇ ಪಾದ ಬುಧವಾರ ಬೆಳಿಗ್ಗೆ ಎಂಟಕ್ಕೇ ಮುಗಿಯುತ್ತದೆ. 10 ಗಂಟೆ 20 ನಿಮಿಷಕ್ಕೆ ಹುಟ್ಟಿದ ಮಗುವಿಗೂ "ತ" ಬರುತ್ತದೆ. ರೋಹಿತ ಆಗಬೇಕಾದವನು ತನ್ಮಯ ಆಗುತ್ತಾನೆ. ಮೊಬೈಲಿನಲ್ಲಿ ಜಾತಕ ತೆಗೆಯುವವರು ಇದನ್ನು ಗಮನಿಸಬೇಕು. ಸೆಟ್ಟಿಂಗಿನಲ್ಲಿ ಯಾವ ಅಯನಾಂಶ ಇದೆ ಎಂದು ನೋಡದೆ ಎರಡು ಆ್ಯಪ್‌ಗಳನ್ನು ಹೋಲಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಯಾವುದಾದರೂ ಒಂದೇ ಪಂಚಾಂಗ ಹಿಡಿಯಬೇಕು, ಮನೆಯ ಹಿರಿಯರ ಜಾತಕಗಳನ್ನು ಬರೆದ ಪಂಚಾಂಗವಾದರೆ ಹೋಲಿಕೆಗೆ ಅನುಕೂಲ. ಮಗು ಪಾದದ ನಡುವಿನಲ್ಲಿ ಹುಟ್ಟಿದ್ದರೆ ಹತ್ತು ಹದಿನೈದು ನಿಮಿಷದ ಹೆಚ್ಚುಕಮ್ಮಿ ಏನೂ ಮಾಡುವುದಿಲ್ಲ. ಗಡಿಯ ಹತ್ತಿರ ಹುಟ್ಟಿದ್ದರೆ ಮಾತ್ರ ಆಸ್ಪತ್ರೆಯ ದಾಖಲೆಯ ಹೊತ್ತನ್ನು ಇನ್ನೊಮ್ಮೆ ನೋಡಬೇಕು.

ಹೀಗೆ ಬಂದ ಅಕ್ಷರಕ್ಕೆ ನಾಮಕರಣದ ದಿನ ಎಂಥ ಜಾಗ? ನಮ್ಮಲ್ಲಿ ಸಾಮಾನ್ಯವಾಗಿ 11 ಅಥವಾ 12ನೇ ದಿನ ಶಾಸ್ತ್ರ. ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಚಿನ್ನದ ಉಂಗುರದಿಂದ ತಂದೆ ಅದರ ಮೇಲೆ ಹೆಸರು ಬರೆಯುತ್ತಾನೆ. ಹಲವು ಮನೆತನಗಳಲ್ಲಿ ಒಂದಲ್ಲ, ನಾಲ್ಕು ಹೆಸರು. ಕುಲದೇವರ ಹೆಸರು, ಹುಟ್ಟಿದ ಮಾಸದ ಹೆಸರು, ನಕ್ಷತ್ರದ ಹೆಸರು, ಕೊನೆಗೆ ಕರೆಯುವ ಹೆಸರು. ಪಾದದ ಅಕ್ಷರ ಮೂರನೆಯದಕ್ಕೆ ಸಲ್ಲುತ್ತದೆ. ನಾಲ್ಕನೆಯದು ಮನೆಯವರ ಇಷ್ಟ. ಮಗುವಿನ ಕಿವಿಯಲ್ಲಿ "ರೋಹಿತ" ಎಂದು ಹೇಳಿ, ಶಾಲೆಯಲ್ಲಿ "ಆದಿತ್ಯ" ಎಂದು ಬರೆಸಿದರೆ ಈ ಕ್ರಮದಲ್ಲಿ ತಪ್ಪಾಗುವುದಿಲ್ಲ. ಈಗಿನ ತಂದೆತಾಯಿ ಕರೆಯುವ ಹೆಸರನ್ನೂ ಅದೇ ಅಕ್ಷರಕ್ಕೆ ಕಟ್ಟಿಹಾಕಲು ಹೊರಡುವುದರಿಂದಲೇ ಹುಡುಕಾಟ ಕಷ್ಟವಾಗುತ್ತದೆ.

ಅಕ್ಷರದ ಬಗ್ಗೆ ಇನ್ನೂ ಗೊಂದಲವಿದ್ದರೆ ಸರ್ಕಾರಿ ದಾಖಲೆಗಾಗಿ ಅವಸರಪಡಬೇಕಾಗಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ ಒಂದು ವರ್ಷದೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಅಷ್ಟರೊಳಗೆ ಹುಟ್ಟಿದ ಹೊತ್ತು, ಪಂಚಾಂಗ, ಪಟ್ಟಿ ಮೂರನ್ನೂ ಎದುರಿಗಿಟ್ಟುಕೊಂಡು ಜೋಯಿಸರ ಜೊತೆ ಇನ್ನೊಮ್ಮೆ ಕೂತು ಲೆಕ್ಕ ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ.